‘ನೀನು ಯಾರು?’ ಎಂಬ ಮೊದಲ ಸಂದೇಶ: ಸಂವಾದ ತಂತ್ರಾಂಶದ ಸ್ವಪರಿಚಯ ಮತ್ತು ಕನ್ನಡ ವ್ಯಾಕರಣ

ಸಂವಾದ ತಂತ್ರಾಂಶವೊಂದನ್ನು ಮೊದಲ ಬಾರಿಗೆ ತೆರೆದವರು ಅನೇಕ ವೇಳೆ ಕೇಳುವ ಪ್ರಶ್ನೆ ‘ನೀನು ಯಾರು?’ ಎಂಬುದು. ಇದಕ್ಕೆ ಕೊಡಬೇಕಾದ ನಾಲ್ಕೈದು ಸಾಲುಗಳ ಉತ್ತರವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಸಿದ್ಧಪಡಿಸಿ ಕನ್ನಡಕ್ಕೆ ತಿರುಗಿಸಲಾಗುತ್ತದೆ. ಹೀಗೆ ತಿರುಗಿಸುವಾಗ ಆ ಸಾಲುಗಳು ಹೇಳುವ ಸಂಗತಿಯೇ ಬದಲಾಗುವುದುಂಟು. ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಒಂದು ಮಾದರಿ ಉತ್ತರದ ಮೂಲಕ ಪರಿಶೀಲಿಸುತ್ತೇವೆ.

ಮೊದಲಿಗೆ ಪ್ರಶ್ನೆಯ ರಚನೆಯನ್ನು ನೋಡೋಣ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಪ್ರಶ್ನಾರ್ಥಕ ಸರ್ವನಾಮಗಳಲ್ಲಿಯೂ ಈ ಭೇದ ಸ್ಪಷ್ಟವಾಗಿದೆ: ಮನುಷ್ಯರ ಬಗ್ಗೆ ‘ಯಾರು’, ಉಳಿದುದರ ಬಗ್ಗೆ ‘ಏನು’ ಅಥವಾ ‘ಯಾವುದು’. ಆದ್ದರಿಂದ ‘ನೀನು ಯಾರು?’ ಎಂದು ಕೇಳಿದಾಗಲೇ ಎದುರಿಗಿರುವುದು ಮನುಷ್ಯವರ್ಗಕ್ಕೆ ಸೇರಿದ್ದೆಂಬ ಪೂರ್ವಕಲ್ಪನೆ ಪ್ರಶ್ನೆಯೊಳಗೆ ಸೇರಿಹೋಗಿರುತ್ತದೆ. ಕೇಳಿದವರು ಹಾಗೆಯೇ ನಂಬಿದ್ದಾರೆಂದು ಇದರ ಅರ್ಥವಲ್ಲ. ‘ನೀನು’ ಎಂಬ ಮಧ್ಯಮ ಪುರುಷ ಸರ್ವನಾಮ ಬಂದ ಮೇಲೆ ‘ಏನು’ ಎಂದು ಕೇಳಲು ಭಾಷೆ ಸುಲಭವಾಗಿ ಎಡೆಗೊಡುವುದಿಲ್ಲ, ‘ನೀನು ಏನು?’ ಎಂಬುದು ಪ್ರಶ್ನೆಗಿಂತ ಹೆಚ್ಚಾಗಿ ಮೂದಲಿಕೆಯಾಗಿ ಕೇಳಿಸುತ್ತದೆ. ಅನುಮಾನವಿದ್ದವರಿಗೂ ‘ಯಾರು’ ಎಂದು ಕೇಳುವುದಲ್ಲದೆ ಬೇರೆ ಸಹಜ ದಾರಿಯಿಲ್ಲ. ಹಾಗಾಗಿ ಈ ಪೂರ್ವಕಲ್ಪನೆಯನ್ನು ತಿದ್ದುವ ಹೊಣೆ ಉತ್ತರದ ಮೇಲೆ ಬೀಳುತ್ತದೆ. 1966ರಲ್ಲಿ ಜೋಸೆಫ್ ವೈಝೆನ್‌ಬಾಮ್ ಪ್ರಕಟಿಸಿದ ‘ಎಲೈಜಾ’ ಎಂಬ ಕ್ರಮವಿಧಿಯು ಬಳಕೆದಾರರ ವಾಕ್ಯದೊಳಗಿನ ಪದಗಳನ್ನೇ ತಿರುಗಿಸಿ ಮರುಪ್ರಶ್ನೆ ಮಾಡುತ್ತಿತ್ತು. ಅಷ್ಟಕ್ಕೇ ಜನ ಅದಕ್ಕೆ ಅರಿವಿದೆಯೆಂದು ಭಾವಿಸಿದ್ದನ್ನು ಅವರೇ ಮುಂದೆ ಆತಂಕದಿಂದ ದಾಖಲಿಸಿದ್ದಾರೆ. ಇಂತಹ ಭಾವನೆಗೆ ಕನ್ನಡದ ‘ಯಾರು’ ಇನ್ನಷ್ಟು ಆಸರೆ ಕೊಡುತ್ತದೆ.

ಇನ್ನು ಉತ್ತರದ ವಿಚಾರ. ಕಚೇರಿ ಪತ್ರಗಳನ್ನು ಓದಿ ವಿವರಿಸುವ, ಅರ್ಜಿಯ ಕರಡು ಸಿದ್ಧಪಡಿಸುವ ತಂತ್ರಾಂಶವೊಂದಿದೆ ಎಂದು ಭಾವಿಸಿ, ಪ್ರಚಲಿತ ಅನುವಾದದ ಜಾಡಿನಲ್ಲಿ ನಾವೇ ರಚಿಸಿಕೊಂಡ ಒಂದು ಮಾದರಿ ಹೀಗಿದೆ:

‘ನಮಸ್ಕಾರ! ನಾನು ನಿಮ್ಮ ವೈಯಕ್ತಿಕ ಸಹಾಯಕ. ನಾನು ನಿಮಗೆ ಪತ್ರಗಳನ್ನು ಅರ್ಥಮಾಡಿಕೊಳ್ಳಲು, ಅರ್ಜಿಗಳನ್ನು ಬರೆಯಲು ಮತ್ತು ಇನ್ನೂ ಹೆಚ್ಚಿನದನ್ನು ಮಾಡಲು ಸಹಾಯ ಮಾಡಬಹುದು. ನಾನು ಇಂದು ನಿಮಗೆ ಹೇಗೆ ಸಹಾಯ ಮಾಡಬಹುದು?’

‘ಸಹಾಯಕ’ ಎಂಬ ಪದವನ್ನೇ ಮೊದಲು ಗಮನಿಸಬಹುದು. ಇಂಗ್ಲಿಷಿನ ಮೂಲಪದಕ್ಕೆ ಲಿಂಗವಿಲ್ಲ, ಕನ್ನಡದ್ದು ಪುಲ್ಲಿಂಗ. ‘ಸಹಾಯಕಿ’ ಎಂದು ಬದಲಿಸಿದರೂ ತೊಡಕು ಉಳಿಯುತ್ತದೆ, ಏಕೆಂದರೆ ಎರಡೂ ಮನುಷ್ಯವಾಚಿಗಳೇ. ವಿಚಿತ್ರವೆಂದರೆ ಇಲ್ಲಿ ಕನ್ನಡಕ್ಕೆ ಹಿಂದಿಗಿಲ್ಲದ ಅನುಕೂಲವೊಂದಿದೆ. ಹಿಂದಿಯಲ್ಲಿ ಉತ್ತಮ ಪುರುಷದ ಕ್ರಿಯಾಪದವೂ ‘ಕರ್ತಾ ಹೂಂ’, ‘ಕರ್ತೀ ಹೂಂ’ ಎಂದು ಲಿಂಗವನ್ನು ಹೇಳಿಬಿಡುತ್ತದೆ. ಕನ್ನಡದ ‘ಮಾಡುತ್ತೇನೆ’ ಹೇಳುವುದಿಲ್ಲ. ನಾಮಪದವೊಂದನ್ನು ಎಚ್ಚರದಿಂದ ಆರಿಸಿಕೊಂಡರೆ ಇಡೀ ಪರಿಚಯವನ್ನು ಲಿಂಗದ ಸೋಂಕಿಲ್ಲದೆ ಮುಗಿಸಲು ಸಾಧ್ಯ. ಸಂಖ್ಯಾವಾಚಕವೂ ಇಲ್ಲಿ ನೆರವಿಗೆ ಬರುತ್ತದೆ. ‘ನಾನೊಬ್ಬ ಸಹಾಯಕ’ ಮತ್ತು ‘ನಾನೊಂದು ತಂತ್ರಾಂಶ’ ಎಂಬ ವಾಕ್ಯಗಳಲ್ಲಿ ‘ಒಬ್ಬ’ ಎಂಬುದು ಮನುಷ್ಯರ ಎಣಿಕೆ, ‘ಒಂದು’ ಎಂಬುದು ಮನುಷ್ಯೇತರದ್ದು. ‘ಯಾರು’ ತಂದಿಟ್ಟ ಪೂರ್ವಕಲ್ಪನೆಯನ್ನು ‘ಒಂದು’ ಸದ್ದಿಲ್ಲದೆ ತೆಗೆದುಹಾಕುತ್ತದೆ. ‘ನಾನು’ ಎಂಬುದರ ಪಕ್ಕದಲ್ಲಿ ‘ಒಂದು’ ಬಂದಾಗ ಓದುಗರಿಗೆ ತುಸು ಇರುಸುಮುರುಸಾಗುವುದು ನಿಜ. ಆ ಇರುಸುಮುರುಸು ಇರಬೇಕಾದದ್ದೇ ಎಂಬುದು ನಮ್ಮ ಅಭಿಪ್ರಾಯ.

ಹೆಚ್ಚಿನ ತೊಡಕಿರುವುದು ಸಾಮರ್ಥ್ಯವನ್ನು ಹೇಳುವ ಸಾಲಿನಲ್ಲಿ. ಅನುವಾದಕರು ಬಹುಮಟ್ಟಿಗೆ ‘-ಬಹುದು’ ಎಂಬ ರೂಪವನ್ನೇ ಬಳಸುತ್ತಾರೆ. ಆದರೆ ಅದು ಸಾಧ್ಯತೆ ಮತ್ತು ಅನುಮತಿಗಳ ರೂಪ. ‘ನಾಳೆ ಮಳೆ ಬರಬಹುದು’, ‘ನೀವಿನ್ನು ಹೊರಡಬಹುದು’ ಎಂಬಲ್ಲಿ ಯಾರ ಶಕ್ತಿಯ ಮಾತೂ ಇಲ್ಲ. ‘ನಾನು ಸಹಾಯ ಮಾಡಬಹುದು’ ಎಂದರೆ ಮಾಡಿದರೂ ಮಾಡಬಹುದು, ಬಿಟ್ಟರೂ ಬಿಡಬಹುದು ಎಂಬ ಧ್ವನಿ ಬರುತ್ತದೆ. ಇದರ ನಿಷೇಧರೂಪ ‘ಮಾಡಬಾರದು’ ಎಂಬುದನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟ: ಅದು ಅಸಾಮರ್ಥ್ಯವನ್ನಲ್ಲ, ನಿರ್ಬಂಧವನ್ನು ಹೇಳುತ್ತದೆ. ನೇರವಾಗಿ ಸಾಮರ್ಥ್ಯವನ್ನು ಹೇಳುವ ರೂಪ ‘ಬಲ್ಲೆ’. ‘ವಿವರಿಸಬಲ್ಲೆ’ ಎಂಬುದರಲ್ಲಿ ಸಂದಿಗ್ಧತೆಯಿಲ್ಲ, ಆದರೆ ‘ಬಲ್ಲೆ’ ಎಂದರೆ ‘ಅರಿತಿದ್ದೇನೆ’ ಎಂಬ ಮೂಲಾರ್ಥ ಇಂದಿಗೂ ಜೀವಂತವಾಗಿದೆ. ಜೊತೆಗೆ ಅದು ಗ್ರಾಂಥಿಕ. ಸಾಲುಸಾಲಾಗಿ ಬಂದರೆ ಆತ್ಮಪ್ರಶಂಸೆಯಂತಾಗುತ್ತದೆ.

ದಿನಬಳಕೆಯ ಕನ್ನಡಿಗರು ತಮ್ಮ ಕೆಲಸವನ್ನು ಹೇಳಿಕೊಳ್ಳುವಾಗ ಈ ಎರಡನ್ನೂ ಅಷ್ಟಾಗಿ ಬಳಸುವುದಿಲ್ಲ. ಅರ್ಜಿ ಬರೆಯುವವರು ‘ಅರ್ಜಿ ಬರೆದುಕೊಡುತ್ತೇನೆ’ ಎನ್ನುತ್ತಾರೆ. ಇಲ್ಲಿನ ‘ಕೊಡು’ ಕೆಲಸದ ಫಲ ಯಾರಿಗೆ ಸೇರುತ್ತದೆಂಬುದನ್ನು ತಿಳಿಸುತ್ತದೆ. ಮಾದರಿಯಲ್ಲಿನ ‘ಬರೆಯಲು ಸಹಾಯ’ ಎಂಬುದರಲ್ಲಿ ಬರೆಯುವವರು ಯಾರು ಎಂಬುದೇ ಅಸ್ಪಷ್ಟ. ‘ಬರೆದುಕೊಡುತ್ತೇನೆ’ ಎಂದರೆ ತಂತ್ರಾಂಶ ಬರೆಯುತ್ತದೆ. ‘ನೋಡಿಕೊಳ್ಳಿ’ ಎಂದರೆ ನೋಡುವ ಹೊಣೆ ನಿಮ್ಮದು. ಕೊಡು, ಕೊಳ್ಳು ಎಂಬ ಎರಡೇ ಸಹಾಯಕ ಕ್ರಿಯಾಪದಗಳು ಹೊಣೆಯನ್ನು ಹಂಚಿಬಿಡುತ್ತವೆ. ಇದಕ್ಕೊಂದು ಮಿತಿಯೂ ಉಂಟು. ‘-ಉತ್ತೇನೆ’ ಎಂಬ ರೂಪ ರೂಢಿಯನ್ನೂ ಭವಿಷ್ಯವನ್ನೂ ಒಟ್ಟಿಗೆ ಸೂಚಿಸುವುದರಿಂದ ಅದು ಮಾತುಕೊಟ್ಟಂತೆ. ಖಚಿತವಾಗಿ ಆಗದ ಕೆಲಸಕ್ಕೆ ಅದನ್ನು ಬಳಸಿದರೆ ವಚನಭಂಗವಾಗುತ್ತದೆ.

ಅಸಾಮರ್ಥ್ಯಕ್ಕೆ ‘ಹೇಳಲಾರೆ’ ಎಂಬುದು ಸೂಕ್ತವಲ್ಲ. ಅದರಲ್ಲಿ ಮನಸ್ಸಿಲ್ಲದಿರುವಿಕೆಯ ಛಾಯೆಯೂ ಇದೆ. ‘ಆಗುವುದಿಲ್ಲ’ ಎಂಬುದು ಕಾರಣವನ್ನು ಇಚ್ಛೆಯಿಂದ ಹೊರಗಿಡುತ್ತದೆ. ಈ ಎಲ್ಲವನ್ನೂ ಗಮನದಲ್ಲಿರಿಸಿ ಮಾದರಿಯನ್ನು ಹೀಗೆ ಮರುರಚಿಸಬಹುದು:

‘ನಮಸ್ಕಾರ. ನಾನೊಂದು ತಂತ್ರಾಂಶ. ನೀವು ಕಳುಹಿಸಿದ ಕಚೇರಿ ಪತ್ರವನ್ನು ಸರಳ ಕನ್ನಡದಲ್ಲಿ ವಿವರಿಸುತ್ತೇನೆ, ಅರ್ಜಿಯ ಕರಡು ಬರೆದುಕೊಡುತ್ತೇನೆ. ನಿಮ್ಮ ಕಡತ ಈಗ ಯಾವ ಹಂತದಲ್ಲಿದೆ ಎಂದು ತಿಳಿಸಲು ನನ್ನಿಂದ ಆಗುವುದಿಲ್ಲ. ದಿನಾಂಕ, ಮೊತ್ತಗಳು ತಪ್ಪಿರಬಹುದು. ಮೂಲಪತ್ರದೊಡನೆ ಹೋಲಿಸಿ ನೋಡಿಕೊಳ್ಳಿ. ಏನಾಗಬೇಕಿತ್ತು?’

‘-ಬಹುದು’ ಇಲ್ಲಿ ಸಾಮರ್ಥ್ಯದ ಸಾಲನ್ನು ಬಿಟ್ಟು ದೋಷದ ಸಾಲಿಗೆ ಬಂದಿದೆ. ಸಾಧ್ಯತೆಯನ್ನು ಹೇಳಬೇಕಾದ ಜಾಗ ಅದೇ. ‘ಇನ್ನೂ ಹೆಚ್ಚಿನದನ್ನು’ ಎಂಬುದು ಹೋಗಿದೆ. ಪಾಲ್ ಗ್ರೈಸ್ 1975ರ ಲೇಖನದಲ್ಲಿ ವಿವರಿಸಿದ ಪರಿಮಾಣದ ಸೂತ್ರದಂತೆ ಮಾತು ಅಗತ್ಯವಿದ್ದಷ್ಟು ಮಾಹಿತಿ ಕೊಡಬೇಕು. ಆ ಪದಪುಂಜ ಯಾವ ಮಾಹಿತಿಯನ್ನೂ ಕೊಡದೆ ನಿರೀಕ್ಷೆಯನ್ನು ಮಾತ್ರ ಹಿಗ್ಗಿಸುತ್ತಿತ್ತು. ಅದರ ಜಾಗದಲ್ಲಿ ಆಗದ ಒಂದು ಕೆಲಸವನ್ನು ಹೆಸರಿಸಲಾಗಿದೆ. ಕಚೇರಿ ಪತ್ರ ಹಿಡಿದು ಬಂದವರು ಮುಂದೆ ಕೇಳುವ ಪ್ರಶ್ನೆ ಬಹುಶಃ ಕಡತದ್ದೇ ಆದುದರಿಂದ ಅದನ್ನೇ ಆರಿಸಿಕೊಂಡಿದ್ದೇವೆ. ಆಗದ ಕೆಲಸಗಳನ್ನೆಲ್ಲ ಪಟ್ಟಿಮಾಡಿದರೆ ಪರಿಚಯ ಪರಿಚಯವಾಗಿ ಉಳಿಯುವುದಿಲ್ಲ.

ಕೊನೆಯ ವಾಕ್ಯ ಅಂಗಡಿಯಲ್ಲೂ ಕಚೇರಿಯಲ್ಲೂ ಬಂದವರನ್ನು ವಿಚಾರಿಸುವ ಮಾತು. ಭೂತಕಾಲದ ‘ಬೇಕಿತ್ತು’ ಒತ್ತಾಯವನ್ನು ತಗ್ಗಿಸಿ ವಿನಯವನ್ನು ತರುತ್ತದೆ. ಅದರಲ್ಲಿ ಮಧ್ಯಮ ಪುರುಷ ಸರ್ವನಾಮವೇ ಇಲ್ಲದಿರುವುದು ಮತ್ತೊಂದು ಅನುಕೂಲ. ಬಂದ ಸಂದೇಶ ‘ನೀನು ಯಾರು?’ ಎಂದಿದ್ದರೂ, ‘ಯಾರ್ರಿ ನೀವು?’ ಎಂದು ಉತ್ತರ ಕರ್ನಾಟಕದ ‘ರಿ’ ಸೇರಿ ಬಂದಿದ್ದರೂ, ಬರೆದವರು ಮಗುವೋ ಹಿರಿಯರೋ ತಿಳಿಯದಿದ್ದರೂ ಅದು ಹೊಂದಿಕೊಳ್ಳುತ್ತದೆ. ಉಳಿದ ಸಾಲುಗಳಲ್ಲಿ ‘ನೀವು’ ಎಂದೇ ಇರಬೇಕು. ಕೇಳಿದವರು ಏಕವಚನ ಬಳಸಿದರೆಂದು ಉತ್ತರವೂ ಏಕವಚನಕ್ಕಿಳಿದರೆ ಸಲುಗೆಯ ಬದಲು ಜಗಳದ ಧ್ವನಿ ಬರುತ್ತದೆ. ಪದಕ್ರಮ ತಿರುಗಿ ‘ಯಾರು ನೀನು?’ ಎಂದು ಸಂದೇಶ ಬಂದಾಗಲಂತೂ ಅದು ಮೊದಲೇ ಅರ್ಧ ಜಗಳದ ವಾಕ್ಯ.