ಮೂರು ವರ್ಷದ ಫ್ರಾಕು, 93 ಸೆಂಟಿಮೀಟರಿನ ಹುಡುಗಿ

"ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ." ಬಟ್ಟೆ ಅಂಗಡಿಯಲ್ಲಿ ಅಜ್ಜಿಯರು ಹೇಳುತ್ತಿದ್ದ ಈ ಮಾತು ಮೊಬೈಲಿನಲ್ಲಿ ಫ್ರಾಕು ಆರಿಸುವಾಗಲೂ ಕೇಳಿಬರುತ್ತದೆ. ಅಂಗಡಿಯಲ್ಲಾದರೆ ಬಟ್ಟೆಯನ್ನು ಮಗುವಿನ ಬೆನ್ನಿಗೆ ಹಿಡಿದು ನೋಡಬಹುದಿತ್ತು. ಮೊಬೈಲಿನಲ್ಲಿ ಸಿಗುವುದು ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು ವಿವರ.

ಆ ವಿವರದಲ್ಲಿ ಮೊದಲು ಕಾಣುವುದು ವಯಸ್ಸು. ಹೆಚ್ಚು ದಾರಿ ತಪ್ಪಿಸುವುದೂ ಅದೇ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಕೋಷ್ಟಕದ ಪ್ರಕಾರ ಮೂರು ತುಂಬಿದ ಹುಡುಗಿಯ ನಡುಮಟ್ಟದ ಎತ್ತರ ಸುಮಾರು 95 ಸೆಂ.ಮೀ. ಆದರೆ ಅದೇ ವಯಸ್ಸಿನ ಆರೋಗ್ಯವಂತ ಹುಡುಗಿಯರು 88ರಿಂದ 102 ಸೆಂ.ಮೀ.ವರೆಗೂ ಇರುತ್ತಾರೆ. ಯುರೋಪಿನ ಮಕ್ಕಳ ಬಟ್ಟೆಗಳಲ್ಲಿ ಸೈಜ್ ಎಂದರೆ ಮಗುವಿನ ಎತ್ತರವೇ: 86, 92, 98, 104 ಹೀಗೆ ಆರಾರು ಸೆಂಟಿಮೀಟರಿನ ಮೆಟ್ಟಿಲು. ಆ ಲೆಕ್ಕ ಹಿಡಿದರೆ ಒಂದೇ ವಯಸ್ಸಿನ ಮಕ್ಕಳು ಎರಡು ಮೆಟ್ಟಿಲಿಗೂ ಮೀರಿ ಹರಡಿಕೊಂಡಿದ್ದಾರೆ.

ಈಗಷ್ಟೇ ಮೂರು ತುಂಬಿದ, 93 ಸೆಂ.ಮೀ. ಎತ್ತರದ ಹುಡುಗಿಗೆ ದೀಪಾವಳಿಗೆ ಫ್ರಾಕು ತರಿಸಬೇಕು ಎಂದುಕೊಳ್ಳಿ. ಪಟ್ಟಿಯಲ್ಲಿ 2–3 ವರ್ಷದ ಎದುರು 98, 3–4ರ ಎದುರು 104, 4–5ರ ಎದುರು 110 ಎಂದಿದೆ. ವಯಸ್ಸು ನೋಡಿದರೆ 3–4 ಆಗುತ್ತದೆ. ಅದರ ಮೇಲೆ ಅಜ್ಜಿಯ ಸಲಹೆ ಸೇರಿದರೆ 4–5. ಅಂದರೆ ಮಗುವಿಗಿಂತ 17 ಸೆಂ.ಮೀ. ಎತ್ತರದವಳಿಗೆ ಹೊಲಿದ ಬಟ್ಟೆ! ಮೂರರ ನಂತರ ಮಕ್ಕಳು ವರ್ಷಕ್ಕೆ ಬೆಳೆಯುವುದು ಸುಮಾರು ಏಳು ಸೆಂಟಿಮೀಟರ್. ಆ ಫ್ರಾಕು ಸರಿಹೋಗಲು ಎರಡು ವರ್ಷ ಕಾಯಬೇಕು. ಎತ್ತರ ನೋಡಿದರೆ 98ರ ಸೈಜೇ ಸಾಕು, ಅದರಲ್ಲೇ ಐದು ಸೆಂಟಿಮೀಟರ್ ಬೆಳವಣಿಗೆಗೆ ಜಾಗವಿದೆ.

ಆ ಜಾಗ ಎಲ್ಲಿದೆ ಎನ್ನುವುದು ಮುಖ್ಯ. ಈ ವಯಸ್ಸಿನಲ್ಲಿ ಮಕ್ಕಳು ಉದ್ದಕ್ಕೆ ಏರುವಷ್ಟು ಅಗಲಕ್ಕೆ ಹರಡುವುದಿಲ್ಲ. ಎದೆಯ ಸುತ್ತಳತೆ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಹೆಚ್ಚಿದರೆ ಹೆಚ್ಚು. ಹೀಗಾಗಿ ಉದ್ದದಲ್ಲಿ, ತೋಳಿನಲ್ಲಿ ಸಡಿಲವಿದ್ದರೆ ಲಾಭ. ಭುಜ ಮತ್ತು ಕುತ್ತಿಗೆ ದೊಡ್ಡದಾದರೆ ಫ್ರಾಕು ಜಾರಿ ತೋಳಿಗಿಳಿಯುತ್ತದೆ. ನಮ್ಮ ಟೈಲರುಗಳಿಗೆ ಇದು ಹಳೆಯ ವಿದ್ಯೆ: ಮಕ್ಕಳ ಲಂಗಕ್ಕೆ ಅಂಚಿನ ಮೇಲೆ ಟಕ್ ಹಿಡಿದು, ಬದಿಯ ಹೊಲಿಗೆಯಲ್ಲಿ ಬಟ್ಟೆ ಬಿಟ್ಟು, ಭುಜವನ್ನು ಮಾತ್ರ ಅಳತೆಗೆ ಸರಿಯಾಗಿ ಕೂರಿಸುತ್ತಾರೆ. ಒಳ್ಳೆಯ ವಿವರಣೆ ಇದನ್ನೇ ಹೇಳುತ್ತದೆ: ಅಂಚಿನಲ್ಲಿ ಬಿಚ್ಚಬಹುದಾದ ನಾಲ್ಕು ಸೆಂಟಿಮೀಟರ್ ಮಡಿಕೆ, ಪ್ಯಾಂಟಾದರೆ ಸೊಂಟದೊಳಗೆ ಗುಂಡಿ ಹಾಕಿ ಬಿಗಿ ಮಾಡುವ ಇಲಾಸ್ಟಿಕ್.

ನಾಲ್ಕು ಸೆಂಟಿಮೀಟರ್ ಸಾಕೇ? ಭುಜದಿಂದ ಮಂಡಿಯವರೆಗೆ ಬರುವ ಫ್ರಾಕು ಮಗುವಿನ ಎತ್ತರದ ಅರ್ಧದಷ್ಟಿರುತ್ತದೆ. ಮಗು ಏಳು ಬೆಳೆದರೆ ಫ್ರಾಕಿಗೆ ಬೇಕಾಗುವುದು ಮೂರೂವರೆ.

ಈ ಲೆಕ್ಕವನ್ನು ಕೆಡಿಸುವುದು ಬಟ್ಟೆಯ ಜಾತಿ. ಹತ್ತಿಯ ಹೆಣೆದ ಬಟ್ಟೆ, ಅಂದರೆ ಬನಿಯನ್ ಬಟ್ಟೆ, ಮೊದಲೇ ಕುಗ್ಗಿಸದಿದ್ದರೆ ಒಗೆದಾಗ ಉದ್ದದಲ್ಲಿ ನೂರಕ್ಕೆ ಐದರಷ್ಟು ಕುಗ್ಗುವುದು ಸಾಮಾನ್ಯ. ಐವತ್ತು ಸೆಂಟಿಮೀಟರಿನ ಫ್ರಾಕಿನಲ್ಲಿ ಅದು ಎರಡೂವರೆ. ವರ್ಷಕ್ಕೆಂದು ಬಿಟ್ಟ ಜಾಗದ ಬಹುಪಾಲು ಬಕೆಟ್ಟಿನಲ್ಲೇ ಮುಗಿಯಿತು. ಆದ್ದರಿಂದ 'ಮೊದಲೇ ಕುಗ್ಗಿಸಿದ ಬಟ್ಟೆ' ಎಂಬ ಸಾಲು ಇದೆಯೇ ಎಂದು ಹುಡುಕಬೇಕು.

'ತುಂಬಾ ಮೃದು' ಎಂಬ ಮಾತಿನಿಂದ ಮಾತ್ರ ಏನೂ ತಿಳಿಯುವುದಿಲ್ಲ. ಮೃದುತ್ವ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಕೊನೆಯಲ್ಲಿ ಸಿಲಿಕೋನಿನಂಥ ಮೃದುಕಾರಕ ಲೇಪಿಸಿ ಬಂದದ್ದು. ಒಗೆದಂತೆ ಒಗೆದಂತೆ ಇದು ಕಡಿಮೆಯಾಗುತ್ತದೆ. ಇನ್ನೊಂದು, ನೂಲು ತೆಗೆಯುವಾಗಲೇ ಗಿಡ್ಡ ಎಳೆಗಳನ್ನು ಬಾಚಿ ತೆಗೆದ ಕೋಂಬ್ಡ್ ಹತ್ತಿಯಿಂದ, ಅಥವಾ ಮೇಲೆದ್ದ ಎಳೆಗಳನ್ನು ಕಿಣ್ವದಿಂದ ಕರಗಿಸಿದ ಬಯೋವಾಶ್‌ನಿಂದ ಬಂದದ್ದು. ಇದು ಬಾಳುತ್ತದೆ, ಬೇಗ ಗಂಟುಗಂಟಾಗುವುದೂ ಇಲ್ಲ.

ಹಬ್ಬದ ಫ್ರಾಕಿನಲ್ಲಿ ಹೊರಗಿನ ನೆಟ್ಟಿಗಿಂತ ಒಳಗಿನ ಅಸ್ತರು ಮುಖ್ಯ. ಅದು ಹತ್ತಿಯದೇ, ಕಂಕುಳಿನ ಹೊಲಿಗೆಯನ್ನು ಮುಚ್ಚುತ್ತದೆಯೇ, ಜಿಪ್ಪಿನ ತುದಿಗೆ ಬಟ್ಟೆಯ ಹೊದಿಕೆ ಇದೆಯೇ ಎಂಬುದು ಒಳಭಾಗದ ಚಿತ್ರ ಹಾಕಿದ್ದರೆ ಮಾತ್ರ ಗೊತ್ತಾಗುತ್ತದೆ.

ಕೊನೆಗೊಂದು ಎಡವಟ್ಟು. ಪಟ್ಟಿಯಲ್ಲಿ 'ಎದೆ 30 ಸೆಂ.ಮೀ.' ಎಂದಿದ್ದರೆ ಅದು ಬಟ್ಟೆಯನ್ನು ಹರಡಿ ಅಳೆದ ಅಗಲ, ಸುತ್ತಳತೆ 60. ಮಗುವನ್ನು ಅಳೆಯುವುದಕ್ಕಿಂತ, ಈಗ ಸರಿಯಾಗಿ ಆಗುತ್ತಿರುವ ಒಂದು ಫ್ರಾಕನ್ನು ನೆಲದ ಮೇಲೆ ಹರಡಿ ಭುಜ, ಎದೆ, ಉದ್ದ ಟೇಪಿನಲ್ಲಿ ಅಳೆದು ಪಟ್ಟಿಯೊಂದಿಗೆ ಹೋಲಿಸುವುದು ಸುಲಭ. ಫ್ರಾಕು ಓಡಿಹೋಗುವುದಿಲ್ಲವಲ್ಲ.