ಬಾಡಿಗೆ ಸಾಲಕ್ಕೆ ಬಡ್ಡಿ ಎಷ್ಟು?

ಒಂದು ಬಟ್ಟೆ ಕಂಪನಿ ಬೆಂಗಳೂರಿನಲ್ಲಿ ಮಳಿಗೆಯೊಂದನ್ನು 5 ವರ್ಷಕ್ಕೆ ಬಾಡಿಗೆಗೆ ಹಿಡಿದಿದೆ ಎಂದುಕೊಳ್ಳಿ. ಪ್ರತಿ ವರ್ಷದ ಕೊನೆಗೆ 12 ಲಕ್ಷ ರೂಪಾಯಿ, ಒಟ್ಟು 60 ಲಕ್ಷ. ಹಿಂದೆಲ್ಲ ಇಂಥ ಬಾಡಿಗೆ ಕೊಟ್ಟಾಗ ಕೊಟ್ಟಷ್ಟನ್ನು ಖರ್ಚಿಗೆ ಬರೆದರೆ ಮುಗಿಯುತ್ತಿತ್ತು. 2019ರ ಏಪ್ರಿಲ್ 1ರಿಂದ ಜಾರಿಯಾದ ಇಂಡ್ ಎಎಸ್ 116 ಲೆಕ್ಕ ಮಾನದಂಡ ಅದನ್ನು ಬದಲಿಸಿತು. ಅದರ ವ್ಯಾಪ್ತಿಗೆ ಬರುವ ಕಂಪನಿ, ಮುಂದೆ ಕೊಡಬೇಕಾದ ಬಾಡಿಗೆಯನ್ನು ಸಾಲವೆಂದು ಈಗಲೇ ಆಸ್ತಿ-ಹೊಣೆ ಪಟ್ಟಿಯಲ್ಲಿ ತೋರಿಸಬೇಕು. ಆದರೆ 60 ಲಕ್ಷವನ್ನಲ್ಲ, ಅದರ ಇಂದಿನ ಮೌಲ್ಯವನ್ನು.

ಅದಕ್ಕೆ ಬಡ್ಡಿದರ ಬೇಕು. 9% ಹಿಡಿದರೆ ಸಾಲ ಸುಮಾರು 46.7 ಲಕ್ಷ, 12% ಹಿಡಿದರೆ 43.3 ಲಕ್ಷ. ಕರಾರಿನ ಒಂದಕ್ಷರವೂ ಬದಲಾಗದೆ ಮೂರು ಲಕ್ಷಕ್ಕೂ ಮೀರಿದ ಸಾಲ ಪುಸ್ತಕದಿಂದ ಮಾಯ! ಸಾಲ ಕಡಿಮೆ ಕಾಣಲಿ ಎನ್ನುವವರಿಗೆ ದೊಡ್ಡ ದರದ ಮೇಲೆ ಮೋಹ ಹುಟ್ಟುವುದು ಸಹಜವೇ.

ಮಾನದಂಡ ಮೊದಲು ಕೇಳುವುದು ಕರಾರಿನೊಳಗೇ ಅಡಗಿರುವ ದರವನ್ನು. ಅದನ್ನು ಲೆಕ್ಕ ಹಾಕಲು ಕಟ್ಟಡದ ಇಂದಿನ ಬೆಲೆ, 5 ವರ್ಷದ ನಂತರ ಅದಕ್ಕೆ ಉಳಿಯುವ ಬೆಲೆ, ಕರಾರಿಗಾಗಿ ಮಾಲೀಕ ಮಾಡಿದ ಖರ್ಚು ಎಲ್ಲ ಗೊತ್ತಿರಬೇಕು. ಬಾಡಿಗೆದಾರನಿಗೆ ಇದನ್ನೆಲ್ಲ ಯಾವ ಮಾಲೀಕ ಹೇಳುತ್ತಾನೆ? ಹಾಗಾಗಿ ಮಳಿಗೆ, ಕಚೇರಿಗಳ ವಿಷಯದಲ್ಲಿ ಸಾಮಾನ್ಯವಾಗಿ ಎರಡನೆಯ ದಾರಿಯೇ ಗತಿ: ಇದೇ ಬೆಲೆಯ ಹಕ್ಕನ್ನು ಕೊಳ್ಳಲು, ಇಷ್ಟೇ ಅವಧಿಗೆ, ಇಂಥದ್ದೇ ಭದ್ರತೆ ಕೊಟ್ಟು ಕಂಪನಿ ಇಂದು ಸಾಲ ಎತ್ತಿದ್ದರೆ ಬ್ಯಾಂಕ್ ಎಷ್ಟು ಬಡ್ಡಿ ಹಾಕುತ್ತಿತ್ತು?

ಎಡವುವುದು ಇಲ್ಲೇ. ದಿನನಿತ್ಯದ ವಹಿವಾಟಿಗೆ ಪಡೆದ ಕ್ಯಾಶ್ ಕ್ರೆಡಿಟ್ ದರವನ್ನು ಹಾಗೇ ಎತ್ತಿ ಹಾಕುವವರಿದ್ದಾರೆ. ಅದರ ಅವಧಿಯೂ ಭದ್ರತೆಯೂ ಬೇರೆ. ಇನ್ನು ಕೆಲವರು ಷೇರುದಾರರ ನಿರೀಕ್ಷೆಯನ್ನೂ ಸೇರಿಸಿದ ಸರಾಸರಿ ಬಂಡವಾಳ ವೆಚ್ಚವನ್ನು ಬಳಸುತ್ತಾರೆ. ಅದು ಸಾಲದ ದರವೇ ಅಲ್ಲ. ಸರಿಯಾದ ಕ್ರಮವೆಂದರೆ ಹೊಂದುವ ಅವಧಿಯ ಸರ್ಕಾರಿ ಬಾಂಡಿನ ಆದಾಯ ದರದಿಂದ ಹೊರಟು, ಕಂಪನಿಯ ಸಾಲಯೋಗ್ಯತೆಗೆ ತಕ್ಕಷ್ಟು ಕೂಡಿಸಿ, ಭದ್ರತೆ ಇರುವುದಕ್ಕೆ ಕೊಂಚ ಇಳಿಸುವುದು. ಬಾಡಿಗೆ ಕಂತುಗಳಲ್ಲಿ ತೀರುತ್ತದೆ, ಬಾಂಡಿನ ಅಸಲು ಕೊನೆಗೆ ಒಮ್ಮೆಲೇ ಬರುತ್ತದೆ. ಆ ವ್ಯತ್ಯಾಸವನ್ನೂ ಗಮನಿಸಬೇಕು. ನಮ್ಮ ಕಂಪನಿಗೆ ಬ್ಯಾಂಕು ಭದ್ರತೆಯಿಲ್ಲದ ಕಂತಿನ ಸಾಲಕ್ಕೆ 10.5%, ಭದ್ರತೆಯಿದ್ದರೆ 9% ಎಂದರೆ 9% ಒಪ್ಪುವಂಥದ್ದು. 12% ಹಾಕಿದರೆ ಆಡಿಟರ್ ಆಧಾರ ಕೇಳಿಯೇ ಕೇಳುತ್ತಾರೆ.

9% ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿ 4.2 ಲಕ್ಷ, ಸವಕಳಿ 9.3 ಲಕ್ಷ. ಕೊಟ್ಟ ಬಾಡಿಗೆ 12 ಲಕ್ಷವಾದರೂ ಖರ್ಚು 13.5 ಲಕ್ಷ, ಕೊನೆಯ ವರ್ಷಗಳಲ್ಲಿ ಅದು 12 ಲಕ್ಷಕ್ಕಿಂತ ಕೆಳಗಿಳಿಯುತ್ತದೆ.

ಒಮ್ಮೆ ನಿಂತ ದರ ಮಾರುಕಟ್ಟೆಯ ಜೊತೆ ಏರಿಳಿಯುವುದಿಲ್ಲ. ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಬಾಡಿಗೆ ಏರಿದರೂ ಹಳೆಯ ದರವೇ. ಆದರೆ ಬಾಡಿಗೆಯ ಅವಧಿ ಬದಲಾದರೆ ಆ ದಿನದ ದರದಲ್ಲಿ ಉಳಿದ ಸಾಲವನ್ನು ಹೊಸದಾಗಿ ಅಳೆಯಬೇಕಾಗುತ್ತದೆ.