ಓರೆಗೋಡೆಯ ಮೇಲಿನ ನಾಮಫಲಕ

ಹೊಸ ನಾಮಫಲಕವನ್ನು ಮಾಡಿಸುವ ಮುನ್ನ ಅದು ತನ್ನ ಕಟ್ಟಡದ ಮೇಲೆ ಹೇಗೆ ಶೋಭಿಸುವುದೆಂದು ಕಾಣಬಯಸುವ ಅಂಗಡಿಯ ಯಜಮಾನನಿಗಾಗಿ, ಫಲಕದ ವಿನ್ಯಾಸಕಾರನು ಕಟ್ಟಡದ ಛಾಯಾಚಿತ್ರವೊಂದನ್ನು ತೆಗೆದು, ಇನ್ನೂ ನಿರ್ಮಾಣವಾಗದ ಆ ಫಲಕವನ್ನು ಅದರ ಮೇಲೆ ಕೂರಿಸಿ ತೋರಿಸುವುದು ಈಗ ವಾಡಿಕೆಯಾಗಿದೆ. ಗೋಡೆಯನ್ನು ನೇರ ಎದುರಿನಿಂದ ಚಿತ್ರಿಸಲು ಸಾಧ್ಯವಾದರೆ ಈ ಕಾರ್ಯದಲ್ಲಿ ಕ್ಲೇಶವೇನೂ ಇಲ್ಲ. ಆದರೆ ಬೀದಿಯು ಕಿರಿದಾಗಿ, ಎದುರಿಗೆ ಹಿಂದೆ ಸರಿದು ನಿಲ್ಲಲು ಸ್ಥಳವಿಲ್ಲದೆ, ಬದಿಯಿಂದಲೇ ಚಿತ್ರವನ್ನು ತೆಗೆಯಬೇಕಾಗಿ ಬಂದಾಗ ಗೋಡೆಯು ಓರೆಯಾಗಿ ದೂರಕ್ಕೆ ಸರಿಯುತ್ತ ಕಾಣುತ್ತದೆ. ಆಗ ಆಯತಾಕಾರದ ಫಲಕವನ್ನು ಅದರ ಮೇಲೆ ನಂಬಿಕೆ ಹುಟ್ಟುವಂತೆ ಕೂರಿಸುವುದು ರೇಖಾಗಣಿತದ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಓರೆಗೋಡೆಯ ಮೇಲಂಚೂ ಕೆಳಗಿನಂಚೂ ದೂರ ಹೋದಂತೆ ಪರಸ್ಪರ ಸಮೀಪಿಸುವುದನ್ನು ಕಾಣದವರಿಲ್ಲ. ಆ ಅಂಚುಗಳನ್ನು ಹಾಗೆಯೇ ಮುಂದಕ್ಕೆ ಬೆಳೆಸಿದರೆ ಅವು ಸಂಧಿಸುವ ಸ್ಥಾನವನ್ನು ಚಿತ್ರಕಾರರು ವ್ಯಾನಿಷಿಂಗ್ ಪಾಯಿಂಟ್ ಎನ್ನುತ್ತಾರೆ. ನಾವಿಲ್ಲಿ ಅದನ್ನು ವಿಲಯಬಿಂದು ಎಂದು ಕರೆಯೋಣ. ಫಲಕದ ಮೇಲಂಚು ಕೆಳಂಚುಗಳನ್ನು ಆ ಬಿಂದುವಿನತ್ತ ತಿರುಗಿಸಿಬಿಟ್ಟರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ನನ್ನ ಎಣಿಕೆಯಲ್ಲಿ ಅಲ್ಲಿಗೆ ಮುಗಿಯುವುದು ಅರ್ಧ ಕೆಲಸ ಮಾತ್ರ. ಗೋಡೆಯ ಮೇಲಿನ ಸಮಾನ ಅಂತರಗಳು ದೂರಕ್ಕೆ ಸರಿದಂತೆ ಯಾವ ಕ್ರಮದಲ್ಲಿ ಕುಗ್ಗುತ್ತವೆ ಎಂಬುದು ಉಳಿದರ್ಧ. ನೋಡುವವನಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲವೆಂಬ ಭಾವ ಮೂಡುವುದು ಹೆಚ್ಚಾಗಿ ಇಲ್ಲಿಯೇ.

ಈ ಉಳಿದರ್ಧವು ಹಳೆಯ ಚಿತ್ರಕಾರರನ್ನೂ ಕಾಡಿತ್ತು. 1435ರಲ್ಲಿ ಚಿತ್ರಕಲೆಯನ್ನು ಕುರಿತು ಗ್ರಂಥವನ್ನು ರಚಿಸಿದ ಇಟಲಿಯ ಲಿಯೋನ್ ಬಾಟಿಸ್ಟಾ ಆಲ್ಬೆರ್ಟಿಯು, ಚೌಕಗಳ ನೆಲಹಾಸನ್ನು ಚಿತ್ರಿಸುವಾಗ ಒಂದು ಸಾಲಿನ ಅಂತರಕ್ಕೆ ಮುಂದಿನ ಸಾಲಿನ ಅಂತರವನ್ನು ಮೂರರಲ್ಲಿ ಎರಡು ಪಾಲಿನಂತೆ ಕಿರಿದುಗೊಳಿಸುತ್ತ ಹೋಗುವ ಕೆಲವರ ರೂಢಿಯನ್ನು ಅಲ್ಲಿ ದೋಷಯುಕ್ತವೆಂದು ನಿರಾಕರಿಸಿದ್ದಾನೆ. ಏಕೆಂದರೆ ಕುಗ್ಗುವ ಪ್ರಮಾಣವು ನೋಡುವ ಕಣ್ಣಿನ ಸ್ಥಾನದಿಂದ ನಿರ್ಧರಿತವಾಗಬೇಕೇ ಹೊರತು ಚಿತ್ರಕಾರನು ಮೊದಲೇ ಗೊತ್ತುಮಾಡಿಕೊಂಡ ಭಿನ್ನರಾಶಿಯೊಂದರಿಂದಲ್ಲ. ಚಿತ್ರವು ಸರಿಯಿದೆಯೇ ಎಂದು ಅರಿಯಲು ಆತನು ಹೇಳಿದ ಪರೀಕ್ಷೆ ಅತ್ಯಂತ ಸರಳವಾದುದು: ಅನುಕ್ರಮವಾದ ಚೌಕಗಳ ಕರ್ಣಗಳು ಸೇರಿ ಒಂದೇ ಸರಳರೇಖೆಯಾಗಬೇಕು. ಸರಳರೇಖೆಯು ಛಾಯಾಚಿತ್ರದಲ್ಲಿಯೂ ಸರಳರೇಖೆಯಾಗಿಯೇ ಉಳಿಯುವುದರಿಂದ, ಆ ಕರ್ಣವೇ ನಮ್ಮ ನಾಮಫಲಕಕ್ಕೂ ಅಳತೆಗೋಲಾಗಬಲ್ಲುದು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಂಡು ಇದನ್ನು ಕೊನೆಯವರೆಗೆ ಸಾಧಿಸಿ ನೋಡೋಣ. ಛಾಯಾಚಿತ್ರದ ಅಗಲ 3600 ಪಿಕ್ಸೆಲ್, ಎತ್ತರ 2400. ಅಳತೆಗಳೆಲ್ಲ ಎಡ ಮೇಲುಮೂಲೆಯಿಂದ ಬಲಕ್ಕೂ ಕೆಳಕ್ಕೂ ಎಣಿಸಿದವು. ಗೋಡೆಯ ಉದ್ದ 32 ಅಡಿ, ಎತ್ತರ 15 ಅಡಿ. ನಮಗೆ ಸಮೀಪದಲ್ಲಿರುವ ಎಡತುದಿಯು ಚಿತ್ರದಲ್ಲಿ (400, 200)ರಿಂದ (400, 1700)ರವರೆಗೆ ನಿಂತಿದೆ. ದೂರದ ಬಲತುದಿಯು (1900, 700)ರಿಂದ (1900, 1450)ರವರೆಗೆ. ಮೇಲಂಚು ಕೆಳಂಚುಗಳನ್ನು ಬಲಕ್ಕೆ ಬೆಳೆಸಿದರೆ ಅವು (3400, 1200)ರಲ್ಲಿ ಕೂಡುತ್ತವೆ. ಅದೇ ಈ ಗೋಡೆಯ ವಿಲಯಬಿಂದು. ಈ ಬಿಂದುವನ್ನು ಒಡನೆಯೇ ಪರೀಕ್ಷಿಸುವ ಉಪಾಯವೂ ಚಿತ್ರದಲ್ಲಿಯೇ ಇದೆ. ಮೊಬೈಲನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ವಾಲಿಸದೆ ನೆಟ್ಟಗೆ ಹಿಡಿದಿದ್ದರೆ ದಿಗಂತರೇಖೆಯು ಚಿತ್ರದ ನಡುಮಟ್ಟದಲ್ಲಿ, ಎಂದರೆ 1200ರಲ್ಲಿ ಹಾಯಬೇಕು, ಹಾಗೆಯೇ ಹಾಯುತ್ತಿದೆ. ಆ ಮಟ್ಟವು ಸಮೀಪದ ತುದಿಯ ಬುಡದಿಂದ 500 ಪಿಕ್ಸೆಲ್ ಮೇಲಿರುವುದರಿಂದ, 1500 ಪಿಕ್ಸೆಲ್‌ಗೆ 15 ಅಡಿಯಾದರೆ 500ಕ್ಕೆ 5 ಅಡಿ: ನಿಂತವನೊಬ್ಬನು ಕಣ್ಣೆತ್ತರದಲ್ಲಿ ಚಿತ್ರ ತೆಗೆದನೆಂಬುದಕ್ಕೆ ಇದು ಒಪ್ಪುವ ಅಳತೆ.

ಇನ್ನು ಗೋಡೆಯ ಮಧ್ಯಭಾಗ ಯಾವುದು? ಅಳತೆಪಟ್ಟಿಯನ್ನಿಟ್ಟು 400ಕ್ಕೂ 1900ಕ್ಕೂ ನಡುವೆ ಎಣಿಸಿದರೆ 1150 ಬರುತ್ತದೆ. ಆದರೆ ಗೋಡೆಯ ನಾಲ್ಕು ಮೂಲೆಗಳ ಎರಡು ಕರ್ಣಗಳನ್ನೆಳೆದರೆ ಅವು ಒಂದನ್ನೊಂದು ಛೇದಿಸುವುದು 1400ರಲ್ಲಿ. ಆಯತದ ಕರ್ಣಗಳು ಅದರ ಕೇಂದ್ರದಲ್ಲಿಯೇ ಛೇದಿಸುವುವಾದ್ದರಿಂದ ಗೋಡೆಯ ನಿಜವಾದ ನಡುವು 1400ರಲ್ಲಿದೆ. ಅಳತೆಪಟ್ಟಿಯು ನಮ್ಮನ್ನು 250 ಪಿಕ್ಸೆಲ್‌ಗಳಷ್ಟು ದಾರಿ ತಪ್ಪಿಸಿತ್ತು. ಸಮೀಪದ 16 ಅಡಿಗಳು ಚಿತ್ರದಲ್ಲಿ 1000 ಪಿಕ್ಸೆಲ್‌ಗಳನ್ನು ಆಕ್ರಮಿಸಿದರೆ ದೂರದ 16 ಅಡಿಗಳಿಗೆ ಉಳಿದದ್ದು ಕೇವಲ 500.

ಗೋಡೆಯ ನಟ್ಟನಡುವೆ, ನೆಲದಿಂದ 9 ಅಡಿ ಮೇಲೆ, 16 ಅಡಿ ಉದ್ದ 4 ಅಡಿ ಎತ್ತರದ ಫಲಕವನ್ನು ಕೂರಿಸಬೇಕೆಂದಿಟ್ಟುಕೊಳ್ಳೋಣ. ಅದು ಸಮೀಪದ ತುದಿಯಿಂದ 8 ಅಡಿಗೆ ತೊಡಗಿ 24 ಅಡಿಗೆ ಮುಗಿಯತಕ್ಕದ್ದು. ಎಂದರೆ ಗೋಡೆಯ ಎರಡು ಅರ್ಧಗಳ ಮಧ್ಯಗಳೇ ಅದರ ಎರಡು ತುದಿಗಳು. ಪ್ರತಿ ಅರ್ಧದಲ್ಲಿಯೂ ಮತ್ತೆ ಕರ್ಣಗಳನ್ನೆಳೆದರೆ ಆ ಸ್ಥಾನಗಳು 1000 ಮತ್ತು 1686 ಎಂದು ದೊರೆಯುತ್ತವೆ. ಎತ್ತರಗಳನ್ನು ಸಮೀಪದ ತುದಿಯ ಮೇಲೆ ಗುರುತಿಸುವುದು ಸುಲಭ, ಅಲ್ಲಿ ಒಂದು ಅಡಿಗೆ 100 ಪಿಕ್ಸೆಲ್: 9 ಅಡಿಯ ಗುರುತು 800ರಲ್ಲಿ, 13 ಅಡಿಯದು 400ರಲ್ಲಿ. ಈ ಎರಡು ಗುರುತುಗಳಿಂದ ವಿಲಯಬಿಂದುವಿಗೆ ರೇಖೆಗಳನ್ನೆಳೆದು, ಅವು 1000 ಮತ್ತು 1686ರ ಲಂಬರೇಖೆಗಳನ್ನು ದಾಟುವೆಡೆಗಳನ್ನು ಗುರುತಿಸಿದರೆ ಫಲಕದ ನಾಲ್ಕು ಮೂಲೆಗಳೂ ಕೈವಶವಾಗುತ್ತವೆ. ಇಲ್ಲಿಯವರೆಗೆ ಬೇಕಾದದ್ದು ಒಂದು ಅಳತೆಪಟ್ಟಿ ಮಾತ್ರ. ಗಣಕಯಂತ್ರದ ಸಹಾಯ ಬೇಕಾಗುವುದು ಇನ್ನು ಮುಂದೆ.

ಫಲಕದ ವಿನ್ಯಾಸವು 1600ಕ್ಕೆ 400 ಪಿಕ್ಸೆಲ್‌ಗಳ ನೇರವಾದ ಚಿತ್ರವಾಗಿದ್ದರೆ, ಓಪನ್‌ಸಿವಿ ಎಂಬ ಉಚಿತ ಸಾಧನಸಂಗ್ರಹದಲ್ಲಿ ಈ ಸಾಲುಗಳು ಸಾಕು:

```python
src = np.float32([[0,0],[1600,0],[1600,400],[0,400]])
dst = np.float32([[1000,560],[1686,743],[1686,971],[1000,880]])
H = cv2.getPerspectiveTransform(src, dst)
out = cv2.warpPerspective(board, H, (3600,2400))
```

ನಾಲ್ಕು ಬಿಂದುಗಳ ಜೋಡಿಗಳು ಎಂಟು ಸಮೀಕರಣಗಳನ್ನೊದಗಿಸುತ್ತವೆ. ಪರ್ಸ್‌ಪೆಕ್ಟಿವ್ ರೂಪಾಂತರದಲ್ಲಿ ಅಜ್ಞಾತವಾಗಿರುವ ಸಂಖ್ಯೆಗಳೂ ಎಂಟೇ. ಆದ್ದರಿಂದ ನಾಲ್ಕು ಮೂಲೆಗಳನ್ನು ಕೊಟ್ಟೊಡನೆ ಉತ್ತರವು ಏಕೈಕವಾಗಿ ನಿರ್ಧಾರವಾಗುತ್ತದೆ. ಆ ಉತ್ತರದ ಒಳಗೇನಿದೆಯೆಂದು ಇಣುಕಿ ನೋಡಿದರೆ ಉಂಟಾಗುವ ಸಂತೋಷ ಸಾಮಾನ್ಯವಾದುದಲ್ಲ. ಮೂಲಚಿತ್ರದ ಎಡ ಅಂಚಿನಿಂದ u ಪಿಕ್ಸೆಲ್ ದೂರದಲ್ಲಿರುವ ಬಿಂದುವು ಛಾಯಾಚಿತ್ರದಲ್ಲಿ ಬೀಳುವ ಅಡ್ಡಸ್ಥಾನ, ಅಲ್ಪ ಅಂಶಗಳನ್ನು ಬಿಟ್ಟರೆ, ಇಷ್ಟು:

```
x = (1000 + 0.85u) / (1 + 0.00025u)
```

ಕೆಳಗಿನ ಆ ಛೇದವೇ ಇಡೀ ರೂಪಾಂತರದ ಜೀವಾಳ. ಅದು ಇಲ್ಲದಿದ್ದರೆ ಫಲಕವು ಸಮಾಂತರ ಚತುರ್ಭುಜವಾಗಿ ಓರೆಯಾಗಬಹುದಿತ್ತೇ ಹೊರತು ದೂರಕ್ಕೆ ಸರಿಯಲಾರದು. u ಎಂಬುದು 800 ಆದಾಗ, ಎಂದರೆ ಫಲಕದ ನಡುವಿನಲ್ಲಿ, ಉತ್ತರ 1400. ಕರ್ಣಗಳು ನಮಗೆ ತೋರಿಸಿಕೊಟ್ಟ ಸ್ಥಾನವೇ ಅದು. ಇನ್ನು u ಅಪರಿಮಿತವಾಗಿ ಬೆಳೆಯುತ್ತ ಹೋದರೆ x ಸಮೀಪಿಸುವುದು 0.85ನ್ನು 0.00025ರಿಂದ ಭಾಗಿಸಿ ಬಂದ 3400ನ್ನು! ನಾವು ಯಂತ್ರಕ್ಕೆ ವಿಲಯಬಿಂದುವನ್ನು ಹೇಳಿಕೊಟ್ಟಿರಲಿಲ್ಲ, ಮೂಲೆಗಳನ್ನಷ್ಟೇ ಕೊಟ್ಟಿದ್ದೆವು, ಅದು ಸಂಖ್ಯೆಗಳೊಳಗೆ ತಾನಾಗಿಯೇ ಅಡಗಿ ಕುಳಿತಿದೆ.

ಎಂಟು ಅಕ್ಷರಗಳ ಹೆಸರೊಂದು ಫಲಕವನ್ನು ತುಂಬಿದೆಯೆಂದುಕೊಂಡರೆ, ಇದರ ಪರಿಣಾಮವು ಬರಿಗಣ್ಣಿಗೇ ಗೋಚರಿಸುತ್ತದೆ. ಮೊದಲ ಅಕ್ಷರಕ್ಕೆ ಚಿತ್ರದಲ್ಲಿ 114 ಪಿಕ್ಸೆಲ್ ಅಗಲ ಸಲ್ಲುತ್ತದೆ, ಕೊನೆಯದಕ್ಕೆ 63 ಮಾತ್ರ. ಫಲಕದ ಎತ್ತರವು ಒಂದು ತುದಿಯಿಂದ ಇನ್ನೊಂದಕ್ಕೆ 320ರಿಂದ 228ಕ್ಕೆ ಇಳಿದಿದೆ. ಅಗಲವು ಅದಕ್ಕಿಂತಲೂ ವೇಗವಾಗಿ ಕುಗ್ಗಿದೆ. ಆದುದರಿಂದ ಸರಿಯಾದ ಚಿತ್ರದಲ್ಲಿ ದೂರದ ಅಕ್ಷರಗಳು ಗಿಡ್ಡವಾಗುವುದಷ್ಟೇ ಅಲ್ಲದೆ ತೆಳ್ಳಗೂ ಆಗಬೇಕು. ಮೂಲೆಗಳನ್ನು ಮಾತ್ರ ಎಳೆದು ನಡುವಿನದನ್ನು ಸಮನಾಗಿ ಹಂಚುವ ವಿಧಾನಗಳಲ್ಲಿ ಎಲ್ಲ ಅಕ್ಷರಗಳಿಗೂ 86 ಪಿಕ್ಸೆಲ್‌ಗಳೇ ಬಂದು, ಕೊನೆಯವು ಕುಳ್ಳಾಗಿಯೂ ಅಗಲವಾಗಿಯೂ ಊದಿಕೊಂಡಂತೆ ತೋರುತ್ತವೆ. ತಪ್ಪನ್ನು ಕಂಡುಹಿಡಿಯುವ ಅತಿ ಶೀಘ್ರವಾದ ಲಕ್ಷಣ ಇದು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಮೊದಲೇ ಚಿಕ್ಕವಾಗಿರುವುದರಿಂದ, ಫಲಕದ ದೂರದ ತುದಿಯಲ್ಲಿ ಅವುಗಳ ಎಳೆಗಳು ಮುರಿದು ಕಾಣುವ ಸಂಭವವುಂಟು. ಮೂಲಚಿತ್ರವನ್ನು ಅನಗತ್ಯವಾಗಿ ದೊಡ್ಡದಾಗಿರಿಸದೆ, ಛಾಯಾಚಿತ್ರದ ಅಳತೆಗೆ ಸಮೀಪವಾಗಿ ಮೊದಲೇ ಕಿರಿದುಗೊಳಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಈ ಕ್ರಮವು ಎಡವುವುದು ಬಹುಮಟ್ಟಿಗೆ ಆರಂಭದಲ್ಲಿಯೇ, ರೇಖೆಗಳ ಆಯ್ಕೆಯಲ್ಲಿ. ಅದೇ ಗೋಡೆಯ ಮೇಲೆ ಚಿತ್ರದಲ್ಲಿ 100 ಪಿಕ್ಸೆಲ್ ಅಗಲ, 100 ಪಿಕ್ಸೆಲ್ ಎತ್ತರ ಬರುವ ಕಿಟಕಿಯೊಂದಿದ್ದು, ಅದು ಸಮೀಪದ ತುದಿಯ ಬಳಿಯಲ್ಲಿಯೇ ಇದೆಯೆನ್ನೋಣ. ಅದರ ಎರಡು ಬದಿಗಳ ಎತ್ತರದ ವ್ಯತ್ಯಾಸ ಮೂರು ಪಿಕ್ಸೆಲ್‌ಗಿಂತ ತುಸು ಹೆಚ್ಚು, ಅಷ್ಟೆ. ಅಲ್ಲಿ ಗುರುತಿಸುವ ಕೈ ಒಂದೇ ಒಂದು ಪಿಕ್ಸೆಲ್ ತಪ್ಪಿದರೂ 3000 ಪಿಕ್ಸೆಲ್ ದೂರದಲ್ಲಿರಬೇಕಾದ ವಿಲಯಬಿಂದುವು 2300ಕ್ಕೆ ಸರಿಯಬಹುದು, ಇಲ್ಲವೆ 4200ನ್ನೂ ದಾಟಬಹುದು. ಅದೇ ತಪ್ಪನ್ನು ಗೋಡೆಯ ಪೂರ್ತಿ ಉದ್ದದ ಪ್ಯಾರಾಪೆಟ್ ಹಾಗೂ ತಳದ ಅಂಚುಗಳ ಮೇಲೆ ಮಾಡಿದರೆ ಬಿಂದುವು ನಾಲ್ಕೈದು ಪಿಕ್ಸೆಲ್ ಮಾತ್ರ ಕದಲುತ್ತದೆ. ಆದ್ದರಿಂದ ಉದ್ದವಾದ, ಪರಸ್ಪರ ದೂರವಾದ ರೇಖೆಗಳನ್ನೇ ಆರಿಸಬೇಕು. ಕಿಟಕಿಗೆ ಬೇರೊಂದು ಉಪಯೋಗವಿದೆ: ಅದರ ನಿಜವಾದ ಅಗಲ ತಿಳಿದಿದ್ದರೆ, ನಾವು ಗೋಡೆಯುದ್ದಕ್ಕೂ ಹಂಚಿದ ಅಡಿಗಳು ಸರಿಯೇ ಎಂದು ಅದರಿಂದ ತಾಳೆ ನೋಡಬಹುದು.

ಮೊಬೈಲನ್ನು ಮೇಲಕ್ಕೆ ವಾಲಿಸಿ ತೆಗೆದ ಚಿತ್ರದಲ್ಲಿ ಗೋಡೆಯ ಲಂಬ ಅಂಚುಗಳೂ ಆಕಾಶದೆಡೆಗೆ ಒಂದಾಗತೊಡಗುತ್ತವೆ. ಆಗ ಫಲಕದ ಎರಡು ಪಕ್ಕದಂಚುಗಳನ್ನು ನೆಟ್ಟಗೆ ನಿಲ್ಲಿಸದೆ, ಆ ಇನ್ನೊಂದು ವಿಲಯಬಿಂದುವಿನತ್ತಲೇ ಬಾಗಿಸಬೇಕು. ಮಸೂರದ ದೋಷದಿಂದ ಅಂಚುಗಳು ಬಿಲ್ಲಿನಂತೆ ಬಾಗಿದ್ದರೆ ಅದನ್ನು ಮೊದಲು ತಿದ್ದದ ಹೊರತು ಯಾವ ಲೆಕ್ಕವೂ ಕೂಡುವುದಿಲ್ಲ.

ಫಲಕವು ಬಣ್ಣದಲ್ಲಿ ಗೋಡೆಯ ಮೇಲೆಯೇ ಬರೆದದ್ದಾದರೆ ಇಷ್ಟಕ್ಕೆ ನಿಲ್ಲಬಹುದು. ಆದರೆ ಒಳಗೆ ದೀಪವಿರುವ, ಅರ್ಧ ಅಡಿ ದಪ್ಪದ ಪೆಟ್ಟಿಗೆಯಂಥ ಫಲಕವಾದರೆ ಅದರ ಮುಖವು ಗೋಡೆಯಿಂದ ಮುಂದಕ್ಕೆ ಚಾಚಿರುತ್ತದೆ. ದಪ್ಪವನ್ನು ತೋರುವ ರೇಖೆಗಳು 3400ರ ಬಿಂದುವಿಗೆ ಹೋಗತಕ್ಕವಲ್ಲ. ಅವು ಗೋಡೆಗೆ ಲಂಬವಾದ ದಿಕ್ಕಿನವು. ನಮ್ಮ ದೃಷ್ಟಾಂತದಲ್ಲಿ ಆ ದಿಕ್ಕಿನ ವಿಲಯಬಿಂದುವು ಅದೇ ದಿಗಂತರೇಖೆಯ ಮೇಲೆ, ಚಿತ್ರದ ಎಡ ಅಂಚಿನಿಂದ ಇನ್ನೂ 3000 ಪಿಕ್ಸೆಲ್ ಆಚೆಗೆ ಬೀಳುತ್ತದೆ. ಬಾಗಿಲಿನ ಚೌಕಟ್ಟಿನ ಒಳಬದಿ, ಸಜ್ಜೆಯ ಪಕ್ಕ, ಮೂಲೆಯಾಚೆಯ ಗೋಡೆ, ಇವುಗಳ ಅಂಚುಗಳನ್ನು ಹಿಂದಕ್ಕೆ ಬೆಳೆಸಿ ಅದನ್ನು ಹುಡುಕಬೇಕು. ಅಲ್ಲಿಂದ ಫಲಕದ ಸಮೀಪದ ಮೂಲೆಯ ಮೂಲಕ ರೇಖೆಯನ್ನೆಳೆದರೆ ಮುಖದ ಅಂಚು 1000ರಿಂದ 1029ಕ್ಕೆ ಸರಿದು, ನಡುವೆ 29 ಪಿಕ್ಸೆಲ್ ಅಗಲದ ಪಕ್ಕವೊಂದು ಕಾಣಿಸಿಕೊಳ್ಳುತ್ತದೆ. ಫಲಕವು ಕಣ್ಣಿನ ಮಟ್ಟಕ್ಕಿಂತ ಮೇಲಿರುವುದರಿಂದ ಅದರ ತಳಭಾಗವೂ ತೋರಬೇಕು, ಮೇಲ್ಭಾಗವು ತೋರಕೂಡದು. ಇನ್ನು ನೆರಳು ಯಾವ ಕಡೆಗೆ ಬೀಳಬೇಕೆಂಬುದನ್ನು ಅದೇ ಚಿತ್ರದಲ್ಲಿ ಸಜ್ಜೆಯು ಗೋಡೆಯ ಮೇಲೆ ಚೆಲ್ಲಿರುವ ನೆರಳಿನಿಂದ ಅಳೆದುಕೊಳ್ಳಬಹುದು.